‘ಇವತ್ತೂ ಆಟ ಆಡಿದ್ವಿ’: ಪೋಷಕರಿಗಾಗಿ ಬರೆದ ಒಂದು ಪ್ಯಾರಾ

ನಾನು ಒಂದನೇ ತರಗತಿಯ ಟೀಚರ್. ಶಾಲೆ ಶುರುವಾಗಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಪ್ರತಿ ವರ್ಷವೂ ಅದೇ ಪ್ರಶ್ನೆ ಬರುತ್ತದೆ: ‘ಮಿಸ್, ಏನು ಕಲಿತೆ ಅಂತ ಮಗನ್ನ ಕೇಳಿದ್ರೆ ಇವತ್ತೂ ಆಟ ಆಡಿದ್ವಿ ಅಂತಾನೆ. ನೋಟ್‌ಬುಕ್ ಖಾಲಿ ಇದೆ. ಬರೆಸೋದು ಯಾವಾಗ?’

ಮೊದಲ ಟರ್ಮ್‌ನಲ್ಲಿ ನಾವು ಹೆಚ್ಚಿನ ಪಾಠ ಆಟದ ಮೂಲಕವೇ ಮಾಡುತ್ತೇವೆ. ಅದು ಯಾಕೆ ಅಂತ ನ್ಯೂಸ್‌ಲೆಟರ್‌ನಲ್ಲಿ ಒಂದು ಪ್ಯಾರಾ ಬರೆಯುವುದು ನನ್ನ ಪಾಲಿನ ಕೆಲಸ. ಮೊದಲ ಸಲ ಬರೆದದ್ದು ಹೀಗಿತ್ತು: ‘ಆಟಾಧಾರಿತ ಕಲಿಕೆಯು ಮಗುವಿನ ಬೌದ್ಧಿಕ, ಸಾಮಾಜಿಕ ಹಾಗೂ ಭಾವನಾತ್ಮಕ ಬೆಳವಣಿಗೆಗೆ ಪೂರಕವಾಗಿದೆ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಓದಿದವರಿಗೆ ತಮ್ಮ ಮಗು ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುತ್ತಿರುತ್ತದೆ ಅನ್ನುವುದು ತಿಳಿಯುವುದಿಲ್ಲ. ಆ ವಾರ ಒಬ್ಬ ತಾಯಿ ನೇರವಾಗಿ ಬಂದು ಕೇಳಿದರು: ‘ಓದಿದೆ ಮಿಸ್. ನನ್ನ ಮಗಳಿಗೆ ಆಗಲೇ ನೂರರವರೆಗೆ ಬರುತ್ತೆ. ಅವಳಿಗೆ ಮಣಿ ಆಟ ಯಾಕೆ?’

ನ್ಯಾಯವಾದ ಪ್ರಶ್ನೆ. ನಾನು ವಿವರಣೆ ಕೊಡುವ ಬದಲು ಮಣಿಯ ಬಟ್ಟಲು ತಂದು ಹುಡುಗಿಯ ಮುಂದಿಟ್ಟೆ. ‘ನನಗೆ ಏಳು ಮಣಿ ಕೊಡ್ತೀಯಾ ಪುಟ್ಟಿ?’ ಅಂದೆ. ಅವಳು ಒಂದು ಮುಷ್ಟಿ ತುಂಬಾ ತೆಗೆದು ಕೊಟ್ಟಳು. ‘ಏಳು ಇದೆಯಾ ನೋಡೋಣ, ಎಣಿಸು’ ಅಂದೆ. ಬಾಯಲ್ಲಿ ಒಂದು, ಎರಡು, ಮೂರು ಸರಾಗವಾಗಿ ಹೋಗುತ್ತಿತ್ತು. ಬೆರಳು ಮಾತ್ರ ಹಿಂದೆ ಬೀಳುತ್ತಿತ್ತು. ಒಂದು ಮಣಿಯನ್ನು ಎರಡು ಸಲ ಮುಟ್ಟಿದಳು, ಇನ್ನೊಂದನ್ನು ದಾಟಿಕೊಂಡೇ ಹೋದಳು. ಹನ್ನೊಂದಕ್ಕೆ ನಿಂತಳು. ‘ಹಾಗಾದ್ರೆ ಎಷ್ಟಾಯ್ತು?’ ಅಂದರೆ ಹನ್ನೊಂದು ಅನ್ನಲಿಲ್ಲ, ಮತ್ತೆ ಒಂದರಿಂದ ಶುರುಮಾಡಿದಳು. ಅವಳಿಗೆ ಅದೂ ಒಂದು ಆಟ, ಖುಷಿಯಾಗಿಯೇ ಇದ್ದಳು. ತಾಯಿ ಸುಮ್ಮನೆ ನೋಡುತ್ತಿದ್ದರು.

ಇದು ದಡ್ಡತನವಲ್ಲ. ಈ ವಯಸ್ಸಿನ ಎಷ್ಟೋ ಮಕ್ಕಳು ಇರುವುದೇ ಹೀಗೆ. ನೂರರವರೆಗೆ ಹೇಳುವುದು ಹಾಡು ಬಾಯಿಪಾಠ ಮಾಡಿದ ಹಾಗೆ. ಎಣಿಸುವುದಕ್ಕೆ ಇನ್ನೂ ಎರಡು ವಿಷಯ ಕೂಡಿಬರಬೇಕು. ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು. ಮತ್ತೆ ಕೊನೆಗೆ ಹೇಳಿದ ಸಂಖ್ಯೆಯೇ ಅಲ್ಲಿರುವ ಒಟ್ಟು ವಸ್ತುಗಳು ಅನ್ನುವುದು ಹೊಳೆದಿರಬೇಕು. ಈ ಎರಡನೆಯದು ಕೂಡದ ಮಗುವಿಗೆ 7 ಅಂತ ಪುಟ ತುಂಬಾ ಬರೆಸಿದರೆ 7ರ ಆಕಾರ ಕೈಗೆ ಬರುತ್ತದೆ, ಅಷ್ಟೇ. ಮುಂದೆ 7ಕ್ಕೆ 2 ಕೂಡಿಸು ಅಂದಾಗ ಅದು ಮತ್ತೆ ಒಂದರಿಂದಲೇ ಶುರುಮಾಡುತ್ತದೆ, ಇಲ್ಲವೇ ಉತ್ತರ ಊಹಿಸುತ್ತದೆ. ಪುಟ ತುಂಬಿರುವುದರಿಂದ ಈ ಕೊರತೆ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಹಾಗಂತ ಮಕ್ಕಳನ್ನು ಆಡಲು ಬಿಟ್ಟರೆ ಸಾಕು, ತಾನಾಗಿ ಬಂದುಬಿಡುತ್ತದೆ ಅಂತಲೂ ಅಲ್ಲ. ನಮ್ಮ ತರಗತಿಯಲ್ಲಿ ಒಂದು ದಾರಿ ಆಟ ಇದೆ. ಉದ್ದ ಪಟ್ಟಿಯಲ್ಲಿ ಸಾಲಾಗಿ 1ರಿಂದ 10ರವರೆಗೆ ಮನೆಗಳು. ದಾಳದ ಮೇಲೆ ಒಂದು ಮತ್ತು ಎರಡು ಚುಕ್ಕಿಗಳಷ್ಟೇ. ಕಾಯಿ 4ರಲ್ಲಿದ್ದು ಎರಡು ಬಿದ್ದರೆ ‘ಒಂದು, ಎರಡು’ ಅಂತ ನಡೆಸುವ ಹಾಗಿಲ್ಲ, ‘ಐದು, ಆರು’ ಅನ್ನಬೇಕು. ಇಷ್ಟೇ ನಿಯಮ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದ್ದೇ ಆಟವನ್ನು ಶಾಲಾಪೂರ್ವ ಮಕ್ಕಳಿಗೆ ಆಡಿಸಿದ್ದರು. ಸಂಖ್ಯೆಯ ಮನೆಗಳಲ್ಲಿ ಆಡಿದ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತು. ಸಂಖ್ಯೆಯ ಬದಲು ಬಣ್ಣದ ಮನೆಗಳಿದ್ದ ಪಟ್ಟಿಯಲ್ಲಿ ಆಡಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಆಟ ಎರಡು ಗುಂಪಿಗೂ ಇತ್ತು. ಒಂದರಲ್ಲಿ ಮಗು ಪ್ರತಿ ಹೆಜ್ಜೆಗೂ ಸಂಖ್ಯೆಯನ್ನು ನೋಡಿ ಬಾಯಲ್ಲಿ ಹೇಳುತ್ತಿತ್ತು, ವ್ಯತ್ಯಾಸ ಅಲ್ಲಿತ್ತು.

ಆ ಕಾರಣಕ್ಕೇ ನಾನು ಪಕ್ಕದಲ್ಲಿ ಕೂರುತ್ತೇನೆ. ಹೆಚ್ಚಾಗಿ ಕಾಣುವ ತಪ್ಪು ಒಂದಿದೆ: ಕಾಯಿ ನಿಂತಿರುವ ಮನೆಯನ್ನೇ ಮೊದಲ ಹೆಜ್ಜೆ ಅಂತ ಎಣಿಸುವುದು. 4ರಲ್ಲಿರುವ ಮಗು ‘ನಾಲ್ಕು, ಐದು’ ಅಂದು ಐದರಲ್ಲಿ ನಿಲ್ಲುತ್ತದೆ. ತಪ್ಪು ಅಂತ ಹೇಳುವುದಕ್ಕಿಂತ ‘ನಿನ್ನ ಕಾಯಿ ಒಂದು ಸಲ ಜಿಗಿದರೆ ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದರೆ ಕೆಲಸ ಬೇಗ ಆಗುತ್ತದೆ. ಕೈಯಲ್ಲಿ ಕಾಯಿ ಇರುತ್ತದೆ, ಜಿಗಿಸಿ ನೋಡುತ್ತದೆ, ತಾನೇ ತಿದ್ದಿಕೊಳ್ಳುತ್ತದೆ. ನೋಟ್‌ಬುಕ್ಕಿನಲ್ಲಿ ಇದೇ ತಪ್ಪು ನಡೆದರೆ ನನಗೆ ಕಾಣುವುದು ತಪ್ಪಾದ ಉತ್ತರ ಮಾತ್ರ. ಮಗು ಯಾವ ಹೆಜ್ಜೆಯಲ್ಲಿ ಎಡವಿತು ಅಂತ ಗೊತ್ತಾಗುವುದಿಲ್ಲ.

ಮಣಿಯ ಬಟ್ಟಲಿನ ಆ ದಿನದ ನಂತರ ಪ್ಯಾರಾವನ್ನು ಹೊಸದಾಗಿ ಬರೆದೆ. ಈಗ ಕಳಿಸುವುದು ಇದು:

‘ಈ ಟರ್ಮ್‌ನಲ್ಲಿ ನಿಮ್ಮ ಮಗು “ಆಟ ಆಡಿದೆ” ಅಂದರೆ, ಯಾವ ಆಟ ಅಂತ ಕೇಳಿ. ದಾರಿ ಆಟ ಅಂದರೆ ಅದು ಸಂಖ್ಯೆಯ ಪಾಠ. ದಾಳ ಹಾಕಿ ಕಾಯಿ ನಡೆಸುವಾಗ ಮಗು ಒಂದು ಹೆಜ್ಜೆಗೆ ಒಂದು ಸಂಖ್ಯೆಯನ್ನು ನೋಡಿ ಹೇಳುತ್ತದೆ. ನಾವು ಪಕ್ಕದಲ್ಲಿ ಕೂತು ಎಲ್ಲಿ ತಡವರಿಸುತ್ತದೆ ಅಂತ ಗುರುತು ಹಾಕಿಕೊಳ್ಳುತ್ತೇವೆ. ನೂರರವರೆಗೆ ಹೇಳಲು ಬರುವ ಮಗುವಿಗೂ ಏಳು ಚಮಚ ತಂದುಕೊಡು ಅಂದರೆ ಕಷ್ಟವಾಗಬಹುದು. ಮನೆಯಲ್ಲಿ ಕೇಳಿ ನೋಡಿ. ತಪ್ಪಾದರೆ ಬೈಯಬೇಡಿ, ನಮಗೆ ತಿಳಿಸಿ. ಹತ್ತರೊಳಗೆ ಎಷ್ಟು ಕೇಳಿದರೂ ಸರಿಯಾಗಿ ಎಣಿಸಿಕೊಡಲು ಬಂದ ಮಗುವಿಗೆ ಟರ್ಮ್ ಮುಗಿಯುವ ಮೊದಲೇ ಅಂಕಿ ಬರೆಯುವುದನ್ನು ಆರಂಭಿಸುತ್ತೇವೆ. ಅಕ್ಷರ ಮತ್ತು ಅದರ ಧ್ವನಿಯನ್ನು ಮಾತ್ರ ಮೊದಲ ವಾರದಿಂದಲೇ ದಿನಕ್ಕೆ ಹದಿನೈದು ನಿಮಿಷ ನೇರವಾಗಿ ಕಲಿಸುತ್ತಿದ್ದೇವೆ.’

ಕೊನೆಯ ವಾಕ್ಯ ಸೇರಿಸುವುದೋ ಬೇಡವೋ ಅಂತ ಸಹೋದ್ಯೋಗಿಗಳ ಜೊತೆ ಮಾತಾಯಿತು. ಎಲ್ಲವೂ ಆಟದಿಂದಲೇ ಅಂತ ಹೇಳಿ ಆಮೇಲೆ ಇದನ್ನು ಸೇರಿಸಿದರೆ ನಮ್ಮ ಮಾತು ದುರ್ಬಲವಾಗುವುದಿಲ್ಲವೇ ಅನ್ನುವುದು ಅವರ ಆತಂಕ. ನನಗೆ ಹಾಗೆ ಅನ್ನಿಸಲಿಲ್ಲ. ಯಾವ ಗೆರೆಗೆ ಯಾವ ಧ್ವನಿ ಅನ್ನುವುದು ಜನ ಮಾಡಿಕೊಂಡ ಒಪ್ಪಂದ. ಯಾರಾದರೂ ಹೇಳಿಕೊಡದೆ ಮಗು ಅದನ್ನು ಬ್ಲಾಕ್ ಜೋಡಿಸುತ್ತಾ ಕಂಡುಕೊಳ್ಳುವುದಿಲ್ಲ. ಹೇಳಿಕೊಟ್ಟ ಮೇಲೆ ರೂಢಿಯಾಗಲು ಆಟ ಬಹಳ ಸಹಾಯ ಮಾಡುತ್ತದೆ. ಆಟಕ್ಕೆ ಆಗದ್ದನ್ನು ಆಗುತ್ತದೆ ಅಂತ ಬರೆದರೆ ಪೋಷಕರು ಆಗುವುದನ್ನೂ ನಂಬುವುದಿಲ್ಲ.

ಪ್ಯಾರಾ ಬದಲಾದ ಮೇಲೂ ಪ್ರಶ್ನೆಗಳು ಬರುತ್ತವೆ, ಆದರೆ ಬೇರೆ ಥರದವು. ‘ಐದರವರೆಗೆ ಸರಿಯಾಗಿ ಕೊಡ್ತಾನೆ ಮಿಸ್, ಆರು ಅಂದ್ರೆ ಸಿಕ್ಕಷ್ಟು ಬಾಚಿ ಕೊಡ್ತಾನೆ’ ಅಂತ ಒಬ್ಬ ತಂದೆ ಚೀಟಿ ಬರೆದು ಕಳಿಸಿದರು. ಮರುದಿನ ಆ ಹುಡುಗನ ಗುಂಪಿನಲ್ಲಿ ಕೂತು 5ರಿಂದ 8ರವರೆಗಿನ ಮಣಿಗಳನ್ನು ಕೇಳುತ್ತಾ ಹೋದೆ. ಎಣಿಸಿದ ಮಣಿಯನ್ನು ಎಣಿಸದ ರಾಶಿಯಿಂದ ದೂರ ಸರಿಸದೇ ಇದ್ದದ್ದೇ ಅವನ ತೊಂದರೆ. ಎಣಿಸಿದ್ದನ್ನು ಹಾಕಲು ಪಕ್ಕದಲ್ಲಿ ಒಂದು ತಟ್ಟೆ ಇಟ್ಟುಕೊಟ್ಟೆ. ಆ ವಾರದಲ್ಲೇ ಅವನ ಎಣಿಕೆ ಎಂಟರವರೆಗೆ ಬಂತು.