ಅರವತ್ತು ಎಂದು ಬರೆದದ್ದು ಇಪ್ಪತ್ತೈದಾಯಿತು

ಶುಕ್ರವಾರ ಸಂಜೆ ಐದೂವರೆ. ಶ್ವಾಸಕೋಶದ ಅಡಿನೊಕಾರ್ಸಿನೋಮಾದ ಪುಟ್ಟ ಬಯಾಪ್ಸಿ, ಪಿಡಿ-ಎಲ್1 ಪ್ರೋಟೀನನ್ನು ಕಂದು ಬಣ್ಣದಲ್ಲಿ ತೋರಿಸುವ 22ಸಿ3 ಸ್ಲೈಡು. ಪರದೆಯ ಮೇಲೆ ಆ ಕೇಸಿನ ಸಾಲು ಕೆಂಪಾಗಿತ್ತು. ವರದಿ 48 ಗಂಟೆ ದಾಟಿದರೆ ಸೋಮವಾರದ ಸಭೆಯಲ್ಲಿ ಕಾರಣ ಹೇಳಬೇಕು. ಟಾನ್ಸಿಲ್ ಕಂಟ್ರೋಲ್ ಸರಿಯಾಗಿತ್ತು, ಸ್ಲೈಡಿನ ತುಂಬ ಕಂದು. ಮುನ್ನೂರು ಜೀವಕೋಶ ಎಣಿಸಿದೆ, ನೂರೆಂಬತ್ತು ಪಾಸಿಟಿವ್. ಗಡ್ಡೆಯ ಜೀವಕೋಶಗಳಲ್ಲಿ ಶೇಕಡಾ ಎಷ್ಟು ಪಾಸಿಟಿವ್ ಎಂದು ಹೇಳುವ ಟಿಪಿಎಸ್ 60 ಎಂದು ಸಹಿ ಹಾಕಿ ಮನೆಗೆ ನಡೆದೆ. ಜೀವಕೋಶಗಳ ರೂಪ ತೋರಿಸುವ ಎಚ್ ಅಂಡ್ ಇ ಸ್ಲೈಡು ಟ್ರೇಯಲ್ಲೇ ಉಳಿಯಿತು.

ಐವತ್ತು ಸಣ್ಣ ಗೆರೆಯಲ್ಲ. ಇಜಿಎಫ್‌ಆರ್, ಎಎಲ್‌ಕೆ ಎರಡೂ ಜೀನ್‌ಗಳಲ್ಲಿ ಬದಲಾವಣೆ ಇಲ್ಲದ ರೋಗಿಯಲ್ಲಿ ಟಿಪಿಎಸ್ 50 ಅಥವಾ ಹೆಚ್ಚಿದ್ದರೆ ಇಮ್ಯುನೊಥೆರಪಿ ಔಷಧ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಡಲು ಧೈರ್ಯ ಬರುತ್ತದೆ. ಕೆಳಗಿದ್ದರೆ ಸಾಮಾನ್ಯವಾಗಿ ಕೀಮೋ ಜೊತೆಗಿರುತ್ತದೆ.

ಶನಿವಾರ ಬೆಳಿಗ್ಗೆ ಮಾಲಿಕ್ಯುಲರ್ ವಿಭಾಗದಿಂದ ಫೋನು. ಅದೇ ಬ್ಲಾಕಿನಿಂದ ಟಿಎಂಬಿ, ಅಂದರೆ ಗಡ್ಡೆಯ ಡಿಎನ್‌ಎಯಲ್ಲಿನ ಬದಲಾವಣೆಗಳ ಎಣಿಕೆ, ಕೇಳಿದ್ದರು, ಅರ್ಜಿಯಲ್ಲಿ ಗಡ್ಡೆಯ ಪ್ರಮಾಣ ಶೇಕಡಾ 70 ಎಂದು ನಾನೇ ಬರೆದಿದ್ದೆ. "ಡಾಕ್ಟರೇ, ಕೆರೆಯುವ ಮೊದಲು ನೋಡಿದೆ. ಇಲ್ಲಿ ಗಡ್ಡೆಯ ಜೀವಕೋಶ ಶೇಕಡಾ ಮೂವತ್ತೂ ಇಲ್ಲವಲ್ಲ?"

ಎರಡೂ ಸ್ಲೈಡುಗಳನ್ನು ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಒಂದು ಗಾಳಿಗೂಡು ಹಿಡಿದು ಇನ್ನೊಂದರಲ್ಲಿ ಅದನ್ನೇ ಹುಡುಕುತ್ತ ಹೋದ ಹಾಗೆ ಕೈ ತಣ್ಣಗಾಯಿತು. ನಾನು ಎಣಿಸಿದ ಕಂದು ಜೀವಕೋಶಗಳಲ್ಲಿ ಅನೇಕವು ಗೂಡಿನೊಳಗೆ ಬಿಡಿಬಿಡಿಯಾಗಿ ತೇಲುತ್ತಿದ್ದವು. ಕೆಲವುದರ ಹೊಟ್ಟೆಯಲ್ಲಿ ಕಪ್ಪು ಇಂಗಾಲದ ಪುಡಿ. ಮ್ಯಾಕ್ರೊಫೇಜ್‌ಗಳು! ಕಸ ನುಂಗುವ ಈ ರಕ್ಷಣಾ ಕೋಶಗಳೂ ಪಿಡಿ-ಎಲ್1 ತೋರಿಸುತ್ತವೆ, ಆದರೆ ಟಿಪಿಎಸ್ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗೂ ಇದನ್ನು ಹೇಳಿಕೊಟ್ಟಿದ್ದೇನೆ.

ಮ್ಯಾಕ್ರೊಫೇಜ್ ಗುರುತಿಸುವ ಸಿಡಿ68, ಈ ಗಡ್ಡೆಯ ಕೋಶ ಗುರುತಿಸುವ ಟಿಟಿಎಫ್-1 ಎರಡನ್ನೂ ಹಾಕಿಸಿದೆ. ಮುನ್ನೂರರಲ್ಲಿ ನೂರನಲವತ್ತು ಸಿಡಿ68, ಎಲ್ಲವೂ ಕಂದು. ಉಳಿದ ನೂರರವತ್ತು ಟಿಟಿಎಫ್-1 ಇದ್ದ ಗಡ್ಡೆಯ ಜೀವಕೋಶ, ಅವುಗಳಲ್ಲಿ ಪೊರೆಯ ಮೇಲೆ ಬಣ್ಣ ಹಿಡಿದದ್ದು ನಲವತ್ತು. ನೂರು ಜೀವಂತ ಗಡ್ಡೆಕೋಶ ಇರಲೇಬೇಕೆಂಬ ನಿಯಮಕ್ಕೇನೂ ಕೊರತೆಯಿಲ್ಲ, ಆದರೆ ಟಿಪಿಎಸ್ 25.

ಆಂಕಾಲಜಿಸ್ಟ್‌ಗೆ ಫೋನು ಮಾಡುವ ಮೊದಲು ಮೂರು ಸಲ ನೀರು ಕುಡಿದೆ. ಅವರು ಬೈಯಲಿಲ್ಲ. "ಸೋಮವಾರ ಮೊದಲ ಡೋಸ್ ಇತ್ತು, ಈಗ ಬದಲಿಸುತ್ತೇನೆ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. "ಟಿಎಂಬಿ ಯಾವಾಗ ಬರುತ್ತದೆ?" ಎಂದೂ ಕೇಳಿದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ತಪ್ಪು ತಿದ್ದಲು ಕತ್ತರಿಸಿದ ತುಂಡುಗಳು ಬ್ಲಾಕಿನ ಕೊನೆಯ ಗಡ್ಡೆಯನ್ನೂ ತಿಂದಿದ್ದವು. ಮುಂದಿನ ಕಟ್‌ನಲ್ಲಿ ಬರೀ ಮೇಣ ಮತ್ತು ನಾರು. ಟಿಎಂಬಿ 10 ದಾಟಿತ್ತೋ ಇಲ್ಲವೋ, ಆ ಬಯಾಪ್ಸಿ ಇನ್ನು ಹೇಳುವುದಿಲ್ಲ. ಮೊದಲ ದಿನವೇ ಬಣ್ಣ ಹಾಕದ ಹತ್ತು ಸ್ಲೈಡು ಎತ್ತಿಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೇನೆ, ಸ್ಲೈಡಿನ ಖರ್ಚು ತೋರಿಸುತ್ತಾರೆ.

ಸೋಮವಾರದ ಸಭೆಯಲ್ಲಿ ತಪ್ಪಿನ ಬಗ್ಗೆ ಯಾರೂ ಕೇಳಲಿಲ್ಲ. ತಿದ್ದಿದ ವರದಿ 48 ಗಂಟೆ ದಾಟಿದ್ದೇಕೆ ಎಂದು ಕೇಳಿದರು.