ಹದಿನೇಳನೇ ಪ್ರಶ್ನೆ

ನಾನು ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಬಹು ಆಯ್ಕೆ ಪ್ರಶ್ನೆಪತ್ರಿಕೆ ತಯಾರಿಸಿ, ಪರೀಕ್ಷೆ ನಡೆಸಿ, ಅಂಕ ಕೂಡಿಸಿ, ಪಟ್ಟಿ ಅಂಟಿಸಿದರೆ ಕೆಲಸ ಮುಗಿಯಿತು ಎಂದು ಹಲವು ವರ್ಷ ಅಂದುಕೊಂಡಿದ್ದೆ. ಹಾಗಲ್ಲ ಎಂದು ನನಗೆ ತಿಳಿಸಿಕೊಟ್ಟದ್ದು ಒಂದೇ ಒಂದು ಪ್ರಶ್ನೆ.

ಅರ್ಧವಾರ್ಷಿಕದ ಸಮಯದಲ್ಲಿ ಎಲ್ಲ ಸೆಕ್ಷನ್ನುಗಳಿಗೂ ಸೇರಿಸಿ ಒಂದೇ ಪತ್ರಿಕೆ ಕೊಟ್ಟಿದ್ದೆವು. ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಬರೆದವರು 148 ಮಕ್ಕಳು. ಅದರಲ್ಲಿ ಹದಿನೇಳನೆಯದು ನಾನೇ ಬರೆದ ಪ್ರಶ್ನೆ: "ಮೈಸೂರು ರಾಜ್ಯವು ಬ್ರಿಟಿಷರ ಕೈಸೇರಿದ್ದು ಯಾವ ವರ್ಷ?" ಆಯ್ಕೆಗಳು 1792, 1799, 1831, 1881. ಕೀ ಉತ್ತರ 1799. ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧ, ಶ್ರೀರಂಗಪಟ್ಟಣದ ಪತನ, ಟಿಪ್ಪುವಿನ ಸಾವು ಎಲ್ಲವೂ ಆ ವರ್ಷದ್ದೇ ಅಲ್ಲವೇ? ಬರೆಯುವಾಗ ನನಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ.

ಬಿ.ಎಡ್. ಓದುವಾಗ ಪ್ರಶ್ನಾಂಶ ವಿಶ್ಲೇಷಣೆ ಎಂಬ ಪಾಠವೊಂದಿತ್ತು. ಪರೀಕ್ಷೆಗೆ ಬರೆದು ಮರೆತಿದ್ದೆ. ಆ ವರ್ಷ ಉತ್ತರಗಳೆಲ್ಲ ಓಎಂಆರ್ ಹಾಳೆಯಿಂದ ನೇರವಾಗಿ ಎಕ್ಸೆಲ್‌ಗೆ ಬಂದಿದ್ದರಿಂದ ಒಮ್ಮೆ ಮಾಡಿಯೇ ನೋಡೋಣ ಎಂದು ಕುಳಿತೆ. ಎರಡೇ ಲೆಕ್ಕ. ಒಂದು, ಡಿಫಿಕಲ್ಟಿ: ಆ ಪ್ರಶ್ನೆಗೆ ಸರಿ ಉತ್ತರ ಕೊಟ್ಟವರ ಸಂಖ್ಯೆಯನ್ನು ಒಟ್ಟು ಬರೆದವರ ಸಂಖ್ಯೆಯಿಂದ ಭಾಗಿಸುವುದು. ಹೆಸರು ಕಠಿಣತೆ ಎಂದಿದ್ದರೂ ಅಂಕಿ ದೊಡ್ಡದಾದಷ್ಟೂ ಪ್ರಶ್ನೆ ಸುಲಭ ಎಂದರ್ಥ, ಇದು ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. ಇನ್ನೊಂದು, ಡಿಸ್ಕ್ರಿಮಿನೇಶನ್: ಒಟ್ಟು ಅಂಕದ ಪ್ರಕಾರ ಮಕ್ಕಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ, ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ಮಂದಿಯನ್ನು ಎರಡು ಗುಂಪಾಗಿ ತೆಗೆದುಕೊಂಡು, ಮೇಲಿನ ಗುಂಪಿನಲ್ಲಿ ಸರಿ ಬರೆದವರಿಂದ ಕೆಳಗಿನ ಗುಂಪಿನಲ್ಲಿ ಸರಿ ಬರೆದವರನ್ನು ಕಳೆದು, ಒಂದು ಗುಂಪಿನ ಸಂಖ್ಯೆಯಿಂದ ಭಾಗಿಸುವುದು. ಚೆನ್ನಾಗಿ ಓದಿದವರನ್ನೂ ಓದದವರನ್ನೂ ಆ ಪ್ರಶ್ನೆ ಎಷ್ಟರ ಮಟ್ಟಿಗೆ ಬೇರೆ ಮಾಡಿ ತೋರಿಸುತ್ತದೆ ಎಂಬುದೇ ಈ ಅಂಕಿ. ಶೇ 27 ಎಂಬ ವಿಚಿತ್ರ ಪ್ರಮಾಣ 1939ರಲ್ಲಿ ಅಮೆರಿಕದ ಮನೋವಿಜ್ಞಾನಿ ಟ್ರೂಮನ್ ಕೆಲ್ಲಿ ತೋರಿಸಿಕೊಟ್ಟದ್ದು. ಗುಂಪುಗಳು ಒಂದಕ್ಕೊಂದು ಸಾಕಷ್ಟು ದೂರವೂ ಇರಬೇಕು, ಲೆಕ್ಕ ನಂಬುವಷ್ಟು ಮಂದಿಯೂ ಇರಬೇಕು, ಆ ಎರಡರ ನಡುವಿನ ಹದ ಅದು. ನಮ್ಮ 148 ಮಕ್ಕಳಲ್ಲಿ ಅದು ಸರಿಯಾಗಿ ನಲವತ್ತಾಯಿತು.

ಹಾಳೆಯಲ್ಲಿ ಎ ಕಾಲಮ್ಮಿನಲ್ಲಿ ನೋಂದಣಿ ಸಂಖ್ಯೆ, ಬಿ ಕಾಲಮ್ಮಿನಲ್ಲಿ ಒಟ್ಟು ಅಂಕ, ಸಿ ಇಂದ ಮುಂದಕ್ಕೆ ಒಂದೊಂದು ಪ್ರಶ್ನೆಗೆ ಮಕ್ಕಳು ಗುರುತಿಸಿದ ಆಯ್ಕೆ. ಬಿ ಕಾಲಮ್ಮಿನ ಪ್ರಕಾರ ಇಳಿಕೆಯಲ್ಲಿ ಜೋಡಿಸಿದ ಮೇಲೆ ಹದಿನೇಳನೇ ಪ್ರಶ್ನೆಗೆ ಬೇಕಾದದ್ದು ಇಷ್ಟೇ:

```
=COUNTIF(S2:S149,"B")/148
=(COUNTIF(S2:S41,"B")-COUNTIF(S110:S149,"B"))/40
```

ಮೊದಲನೆಯದು 0.50 ಎಂದಿತು. ಅರ್ಧ ಮಂದಿ ಸರಿ, ಅರ್ಧ ಮಂದಿ ತಪ್ಪು. ಕಠಿಣತೆ ಮಾತ್ರ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗದು. ಎರಡನೆಯದು -0.25 ಎಂದಿತು. ಸೂತ್ರದಲ್ಲಿ ಸಾಲು ತಪ್ಪಾಗಿರಬೇಕು ಎಂದು ಎರಡು ಸಲ ಮತ್ತೆ ಹಾಕಿದೆ. ಅದೇ ಬಂತು. ಕಡಿಮೆ ಅಂಕ ತೆಗೆದ ಮಕ್ಕಳೇ ಈ ಪ್ರಶ್ನೆಯನ್ನು ಹೆಚ್ಚು ಸರಿ ಮಾಡಿದ್ದರು.

ಋಣ ಸಂಖ್ಯೆ ಬಂದಾಗ ಮೊದಲು ನೋಡಬೇಕಾದದ್ದು ಕೀ ಉತ್ತರ. ಕೀ ತುಂಬುವಾಗ ಸಿ ಬದಲು ಬಿ ಒತ್ತಿದ್ದರೆ ಇಂಥದ್ದೇ ಅಂಕಿ ಬರುತ್ತದೆ. ನನ್ನ ಕೀ ಸರಿಯಾಗಿಯೇ ಇತ್ತು. ಹಾಗಾಗಿ ಒಂದೊಂದು ಆಯ್ಕೆಯನ್ನೂ ಎಷ್ಟು ಮಂದಿ ಆರಿಸಿದರು ಎಂದು ಎಣಿಸಿದೆ. ಮೇಲಿನ ನಲವತ್ತರಲ್ಲಿ 1792 ಎಂದವರು ಒಬ್ಬರು, 1799 ಎಂದವರು ಹದಿನಾಲ್ಕು, 1831 ಎಂದವರು ಇಪ್ಪತ್ತೈದು, 1881 ಎಂದವರು ಯಾರೂ ಇಲ್ಲ. ಕೆಳಗಿನ ನಲವತ್ತರಲ್ಲಿ ಅದೇ ಕ್ರಮದಲ್ಲಿ ಆರು, ಇಪ್ಪತ್ನಾಲ್ಕು, ಆರು, ನಾಲ್ಕು. ಚೆನ್ನಾಗಿ ಓದುವ ಮಕ್ಕಳು ದಿಕ್ಕು ತಪ್ಪಿ ಅಲ್ಲಲ್ಲಿ ಹರಡಿಹೋಗಿರಲಿಲ್ಲ, ಹೆಚ್ಚಿನವರು ಕೂಡಿಕೊಂಡು ಒಂದೇ ಕಡೆ ಹೋಗಿದ್ದರು. ಅಂಥವರು ಒಟ್ಟಾಗಿ ಒಂದು "ತಪ್ಪು" ಉತ್ತರಕ್ಕೆ ಹೋದರೆ ಅದರ ಹಿಂದೆ ಏನೋ ಕಾರಣ ಇರಲೇಬೇಕು.

ಮಾರನೇ ದಿನ ಆ ಇಪ್ಪತ್ತೈದರಲ್ಲಿ ಮೂರ್ನಾಲ್ಕು ಮಕ್ಕಳನ್ನು ಸ್ಟಾಫ್ ರೂಮಿಗೆ ಕರೆದೆ. ಅಂಕದ ಸುದ್ದಿ ಎತ್ತದೆ ಪ್ರಶ್ನೆಯನ್ನಷ್ಟೇ ತೋರಿಸಿ, ಯಾಕೆ ಹಾಗೆ ಬರೆದಿರಿ ಎಂದು ಕೇಳಿದೆ. ಒಬ್ಬ ಹುಡುಗಿ ಬ್ಯಾಗನ್ನು ಹೆಗಲಿಂದ ಇಳಿಸದೇ ಹೇಳಿದಳು: "ಮ್ಯಾಮ್, ಟಿಪ್ಪು ಸತ್ತ ಮೇಲೆ ಒಡೆಯರನ್ನೇ ಪಟ್ಟಕ್ಕೆ ಕೂರಿಸಿದ್ರಲ್ಲ? ಐದು ವರ್ಷದ ಹುಡುಗ ಅಂತ ನೀವೇ ಹೇಳಿದ್ರಿ. ಆಗಲೇ ರಾಜ್ಯ ಬ್ರಿಟಿಷರದ್ದಾಗಿದ್ರೆ 1831ರಲ್ಲಿ ಬೆಂಟಿಂಕ್ ಯಾರಿಂದ ಕಿತ್ತುಕೊಂಡ? ಕಬ್ಬನ್ ಬಂದಿದ್ದು ಅದಾದ್ಮೇಲೆ ತಾನೇ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಸರಿ. 1799ರಲ್ಲಿ ಟಿಪ್ಪುವಿನ ರಾಜ್ಯದ ಭಾಗಗಳನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡು, ಉಳಿದದ್ದನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದದಡಿ ಕೊಟ್ಟರು. ನಗರ ಪ್ರಾಂತ್ಯದ ರೈತ ದಂಗೆಯ ನಂತರ, 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ನೇರವಾಗಿ ಕಂಪನಿಯ ಕೈಗೆ ತೆಗೆದುಕೊಂಡ. ಕಮಿಷನರುಗಳು ಆಳಿದ್ದು ಬೆಂಗಳೂರಿನಿಂದ. ಮಕ್ಕಳು ದಿನಾ ಬಸ್ಸಿನಲ್ಲಿ ದಾಟಿ ಬರುವ ಕಬ್ಬನ್ ಪಾರ್ಕಿನ ಹೆಸರು 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನದು. ಒಡೆಯರಿಗೆ ರಾಜ್ಯ ಮರಳಿದ್ದು 1881ರಲ್ಲಿ. ಹೀಗಿರುವಾಗ "ಕೈಸೇರಿದ್ದು" ಎಂಬ ನನ್ನ ಪದ ಎರಡು ಬೇರೆ ಬೇರೆ ಘಟನೆಗಳಿಗೆ ಹೊಂದಿಕೊಳ್ಳುತ್ತಿತ್ತು. 1799ರ ಸೋಲು ಮಾತ್ರ ಗೊತ್ತಿದ್ದ ಮಗುವಿಗೆ ಪ್ರಶ್ನೆ ಸಲೀಸಾಗಿತ್ತು. ಅದಾದ ಮೇಲಿನ ಮೂವತ್ತೆರಡು ವರ್ಷಗಳ ಕಥೆಯೂ ಗೊತ್ತಿದ್ದ ಮಗುವಿಗೆ ಆ ತಿಳಿವಳಿಕೆಯೇ ಅಂಕ ತಪ್ಪಿಸಿತ್ತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೀ ಉತ್ತರವನ್ನು 1831ಕ್ಕೆ ಬದಲಾಯಿಸಿದ್ದರೆ ಅಂಕಿ 0.47 ದಾಟುತ್ತಿತ್ತು. ಪರೀಕ್ಷಾ ಮಾಪನ ತಜ್ಞ ಎಬೆಲ್ ಕೊಟ್ಟ, ಎಲ್ಲರೂ ಬಳಸುವ ಅಳತೆಯ ಪ್ರಕಾರ 0.40ಕ್ಕಿಂತ ಮೇಲಿದ್ದರೆ ಬಹಳ ಒಳ್ಳೆಯ ಪ್ರಶ್ನೆ. ಆದರೆ ಅಂಕಿ ಚೆನ್ನಾಗಿ ಬಂತು ಎಂದು ಕೀ ಬದಲಿಸುವುದು ತಪ್ಪು. 1799 ಎಂದು ಬರೆದ ಮಗು ಕೂಡ ಪಠ್ಯದಲ್ಲಿ ಇರುವುದನ್ನೇ ಬರೆದಿದೆ. ಯಾವುದು ಸರಿ ಎಂದು ಇತಿಹಾಸ ಹೇಳಬೇಕು, ಎಕ್ಸೆಲ್ ಅಲ್ಲ. ಹಾಗಾಗಿ ಎರಡೂ ವರ್ಷಕ್ಕೆ ಅಂಕ ಕೊಟ್ಟು, ಒಟ್ಟು ಅಂಕಗಳನ್ನು ಮತ್ತೆ ಲೆಕ್ಕ ಹಾಕಿ, ಮಕ್ಕಳನ್ನು ಮತ್ತೆ ಜೋಡಿಸಿ, ಉಳಿದ ಮೂವತ್ತೊಂಬತ್ತು ಪ್ರಶ್ನೆಗಳ ಅಂಕಿಗಳನ್ನೂ ಹೊಸದಾಗಿ ತೆಗೆದೆ. ಒಂದು ಕೆಟ್ಟ ಪ್ರಶ್ನೆ ಒಟ್ಟು ಅಂಕದ ಒಳಗೆ ಕುಳಿತು ಮೇಲಿನ ಗುಂಪು ಯಾವುದು ಎಂಬುದನ್ನೇ ಅಷ್ಟಿಷ್ಟು ಕದಲಿಸಿರುತ್ತದೆ. ನಲವತ್ತು ಪ್ರಶ್ನೆಯ ಪತ್ರಿಕೆಯಲ್ಲಿ ಇದು ಸಣ್ಣದು, ಹತ್ತು ಪ್ರಶ್ನೆಯ ಕಿರುಪರೀಕ್ಷೆಯಲ್ಲಿ ದೊಡ್ಡದು.

ಅಂಕಿ ಕಡಿಮೆ ಬಂದ ಪ್ರಶ್ನೆಗಳೆಲ್ಲ ಇದೇ ಜಾತಿಯವಲ್ಲ. ಬೆಂಗಳೂರನ್ನು ಕಟ್ಟಿದವರು ಯಾರು ಎಂಬ ಮೊದಲನೇ ಪ್ರಶ್ನೆಗೆ 144 ಮಂದಿ ಸರಿ ಬರೆದಿದ್ದರು, ಡಿಸ್ಕ್ರಿಮಿನೇಶನ್ 0.05. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು "ಇದನ್ನ ತೆಗೆದುಹಾಕಿ ಮೇಡಂ, 0.20ಕ್ಕಿಂತ ಕಡಿಮೆ ಇದೆ" ಎಂದರು. "ತಪ್ಪು ಬರೆದವರೇ ನಾಲ್ಕು ಜನ ಸರ್. ಅವರೆಲ್ಲ ಕೆಳಗಿನ ಗುಂಪಿನಲ್ಲೇ ಇದ್ದಿದ್ದರೂ ಅಂಕಿ 0.10 ದಾಟುತ್ತಿರಲಿಲ್ಲ" ಎಂದು ಹಾಳೆ ತೋರಿಸಿದೆ. ಬಹುತೇಕ ಎಲ್ಲರಿಗೂ ಗೊತ್ತಿರುವ ಪ್ರಶ್ನೆಗೆ ಮಕ್ಕಳನ್ನು ಬೇರ್ಪಡಿಸುವ ಶಕ್ತಿ ಇರಲು ಸಾಧ್ಯವೇ ಇಲ್ಲ, ಅದು ಪ್ರಶ್ನೆಯ ದೋಷವಲ್ಲ. ಕೈ ನಡುಗುತ್ತಾ ಕುಳಿತ ಮಗುವಿಗೆ ಪತ್ರಿಕೆಯ ಆರಂಭದಲ್ಲಿ ಕೆಂಪೇಗೌಡರು ಸಿಗಲಿ ಎಂದೇ ಅದನ್ನು ಅಲ್ಲಿ ಇಟ್ಟದ್ದು, ಈಗಲೂ ಅಲ್ಲೇ ಇದೆ.

ನಾನು ನಿಜವಾಗಿ ತೆಗೆದುಹಾಕಿದ್ದು ಇನ್ನೊಂದನ್ನು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಒಪ್ಪಿಕೊಂಡ ಯುದ್ಧ ಪರಿಹಾರ ಎಷ್ಟು ಎಂದು ಕೇಳಿ, ಮೂರು ಕೋಟಿ ಮೂವತ್ತು ಲಕ್ಷದ ಪಕ್ಕದಲ್ಲಿ ಅದನ್ನೇ ಹೋಲುವ ಮೂರು ಮೊತ್ತಗಳನ್ನು ಇಟ್ಟಿದ್ದೆ. ಡಿಫಿಕಲ್ಟಿ 0.26, ಡಿಸ್ಕ್ರಿಮಿನೇಶನ್ ಸೊನ್ನೆಯ ಹತ್ತಿರ, ಎರಡೂ ಗುಂಪಿನಲ್ಲಿ ನಾಲ್ಕು ಆಯ್ಕೆಗಳಿಗೂ ಹೆಚ್ಚುಕಡಿಮೆ ಸಮನಾದ ಮತ. ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ಅಂದರೆ 0.25. ಎಲ್ಲರೂ ಊಹಿಸಿದ್ದರು ಎನ್ನಲು ಬೇರೆ ಸಾಕ್ಷಿ ಬೇಡ. ಅದರ ಬದಲು, ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನ ವಶಕ್ಕೆ ಒಪ್ಪಿಸಿದ್ದು ಯಾಕೆ ಎಂದು ಕೇಳಿದೆ.

ಈ ಲೆಕ್ಕವನ್ನು ಒಂದೇ ಸೆಕ್ಷನ್ನಿಗೆ ಮಾಡುವವರು ಸ್ವಲ್ಪ ತಡೆಯಿರಿ. ಮೂವತ್ತು ಮಕ್ಕಳಿದ್ದರೆ ಗುಂಪಿಗೆ ಎಂಟು ಮಂದಿ. ಒಬ್ಬ ಹುಡುಗ ಪೆನ್ನನ್ನು ಒಂದು ವೃತ್ತ ಆಚೆ ಇಟ್ಟರೂ ಅಂಕಿ 0.12ರಷ್ಟು ಜಿಗಿಯುತ್ತದೆ. ನಲವತ್ತರ ಗುಂಪಿನಲ್ಲಿ ಅದೇ ಹುಡುಗ ಕದಲಿಸುವುದು 0.025 ಮಾತ್ರ. ಚಿಕ್ಕ ತರಗತಿಯಲ್ಲಿ 0.15 ಮತ್ತು 0.30ರ ನಡುವಿನ ವ್ಯತ್ಯಾಸದ ಮೇಲೆ ತೀರ್ಪು ಕೊಡಬೇಡಿ. ಎರಡು ಮೂರು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿ.

ಹದಿನೇಳನೇ ಪ್ರಶ್ನೆಯನ್ನು ಮರುವರ್ಷ ಹೀಗೆ ಬರೆದೆ: "1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ನೇರವಾಗಿ ವಹಿಸಿಕೊಂಡಾಗ ಅಧಿಕಾರ ಕಳೆದುಕೊಂಡ ಅರಸ ಯಾರು?" ಆಯ್ಕೆಗಳು ಟಿಪ್ಪು ಸುಲ್ತಾನ್, ಮುಮ್ಮಡಿ ಕೃಷ್ಣರಾಜ ಒಡೆಯರ್, ಹತ್ತನೇ ಚಾಮರಾಜೇಂದ್ರ ಒಡೆಯರ್, ನಾಲ್ವಡಿ ಕೃಷ್ಣರಾಜ ಒಡೆಯರ್. ಆ ಸಲ 156 ಮಕ್ಕಳು ಬರೆದರು, ಗುಂಪಿಗೆ ನಲವತ್ತೆರಡು. ಡಿಫಿಕಲ್ಟಿ 0.58. ಮೇಲಿನ ಗುಂಪಿನಲ್ಲಿ ಸರಿ ಬರೆದವರು ಮೂವತ್ತಾರು, ಕೆಳಗಿನದರಲ್ಲಿ ಹದಿನಾರು, ಡಿಸ್ಕ್ರಿಮಿನೇಶನ್ 0.48.

ಆದರೂ ಆಯ್ಕೆಗಳ ಎಣಿಕೆ ನೋಡದೆ ಬಿಡಲಿಲ್ಲ. ಕೆಳಗಿನ ಗುಂಪಿನಲ್ಲಿ ಹದಿನೈದು ಮಂದಿ ಚಾಮರಾಜೇಂದ್ರರನ್ನು ಆರಿಸಿದ್ದರು, ಟಿಪ್ಪುವನ್ನು ಒಂಬತ್ತು ಮಂದಿ, ನಾಲ್ವಡಿಯವರನ್ನು ಬರೀ ಇಬ್ಬರು. ರಾಜ್ಯ ಕಳೆದುಕೊಂಡವರನ್ನೂ ಅರ್ಧ ಶತಮಾನದ ನಂತರ ಮರಳಿ ಪಡೆದವರನ್ನೂ ಅದಲು ಬದಲು ಮಾಡಿಕೊಂಡ ಆ ಹದಿನೈದು ಮಂದಿಗಾಗಿ ಮುಂದಿನ ಪಿರಿಯಡ್ಡಿನಲ್ಲಿ ಬೋರ್ಡಿನ ಉದ್ದಕ್ಕೂ ಒಂದು ಗೆರೆ ಎಳೆದು, 1799, 1831, 1881 ಎಂದು ಬರೆದು, ಪ್ರತಿ ವರ್ಷದ ಕೆಳಗೆ ಆಗ ಪಟ್ಟದಲ್ಲಿ ಯಾರು, ಬೆಂಗಳೂರಿನಲ್ಲಿ ಯಾರು ಎಂದು ಮಕ್ಕಳಿಂದಲೇ ಬರೆಸಿದೆ.