ಕೆಳಗಿನ ಬರ್ತ್‌ನ ಗುಟ್ಟು

"ಮೇಷ್ಟ್ರೇ, ನಿಮಗೆ ಮಾತ್ರ ಕೆಳಗಿನ ಬರ್ತ್ ಹೇಗೆ ಸಿಗುತ್ತದೆ? ರೈಲ್ವೆಯಲ್ಲಿ ಯಾರಾದರೂ ಪರಿಚಯದವರಿದ್ದಾರೆಯೇ?"

ನನಗಿರುವ ಪರಿಚಯ ಪಕ್ಕದ ಮನೆಯವರ ಮಗಳದು ಮಾತ್ರ. ಗಣಿತ ಕಲಿಸಿ ನಿವೃತ್ತನಾದ ನನಗೆ ಐಆರ್‌ಸಿಟಿಸಿಯಲ್ಲಿ ಟಿಕೆಟ್ ತೆಗೆಯುವುದನ್ನು ಕಲಿಸಿದವಳು ಅವಳೇ. ಷರತ್ತು ಒಂದೇ: "ಮೊಬೈಲ್ ನಿಮ್ಮ ಕೈಯಲ್ಲೇ ಇರಲಿ ಮೇಷ್ಟ್ರೇ, ನಾನು ಮುಟ್ಟುವುದಿಲ್ಲ." ಎಷ್ಟೋ ಶಿಕ್ಷಕರಿಗೆ ಕೊನೆಯವರೆಗೂ ಬಾರದ ತಾಳ್ಮೆ ಅದು.

ನಾನೂ ನನ್ನ ಹೆಂಡತಿಯೂ ಹುಬ್ಬಳ್ಳಿಗೆ ಹೋಗಬೇಕಿತ್ತು. ಊರು, ದಿನಾಂಕ ತುಂಬಿ ರೈಲು ಹುಡುಕಲು ಹೊರಟಾಗ ಅವಳು ತಡೆದಳು. GENERAL ಎಂದು ತಾನಾಗಿಯೇ ಬಂದು ಕೂತಿರುವ ಜಾಗವನ್ನು ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ LOWER BERTH/SR.CITIZEN ಎಂಬ ಕೋಟಾ ಇದೆ. 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಇದು ಸಲ್ಲುತ್ತದೆ.

"ವಯಸ್ಸು ಹೇಗೂ ಬರೆಯುತ್ತೇವಲ್ಲ, ಅದು ಸಾಲದೇ?" ಎಂದೆ.

ಸಾಲದು. ಜನರಲ್ ಕೋಟಾದಲ್ಲೂ ಕಂಪ್ಯೂಟರ್ ವಯಸ್ಸು ನೋಡಿ ಕೆಳಗಿನ ಬರ್ತ್ ಕೊಡಲು ಯತ್ನಿಸುತ್ತದೆ, ಆದರೆ ಆ ಹೊತ್ತಿಗೆ ಖಾಲಿ ಉಳಿದಿದ್ದರೆ ಮಾತ್ರ. ಈ ಕೋಟಾದಲ್ಲಾದರೆ ಕೆಲವು ಬರ್ತ್‌ಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟಿರುತ್ತಾರೆ. ಅವು ಕೆಲವೇ ಆದ್ದರಿಂದ ಬೇಗ ಮುಗಿಯುತ್ತವೆ. ಪ್ರಯಾಣಕ್ಕೆ 60 ದಿನ ಮೊದಲು ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಊರಿಗೆ ಹೋಗುವುದು ಖಚಿತವಿದ್ದರೆ ಆ ಬೆಳಿಗ್ಗೆಯೇ ಕೂರಬೇಕು. ದರದಲ್ಲಿ ಮಾತ್ರ ಏನೂ ಇಳಿಯುವುದಿಲ್ಲ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು, ಅದರ ಬಗ್ಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಷ್ಟರಲ್ಲಿ ಮೊಮ್ಮಗನೂ ಬರುವುದೆಂದಾಯಿತು. ಈ ಕೋಟಾ ಒಬ್ಬರೇ ಹೋಗುವ ಹಿರಿಯರಿಗೆ, ಇಲ್ಲವೇ ಒಂದೇ ಟಿಕೆಟ್‌ನಲ್ಲಿರುವ ಇಬ್ಬರು ಹಿರಿಯರಿಗೆ. ಮೂರನೆಯವರು ಸೇರಿದರೆ ನಡೆಯದು. ಹುಡುಗನಿಗೆ ಬೇರೆ ಟಿಕೆಟ್ ತೆಗೆದರೆ ಅವನು ಯಾವ ಬೋಗಿಯಲ್ಲಿ ಮಲಗುತ್ತಾನೋ ಹೇಳಲಾಗದು. ಆಗ ಜನರಲ್‌ನಲ್ಲೇ ಮೂವರನ್ನೂ ಸೇರಿಸಿ, ಪ್ರಯಾಣಿಕರ ವಿವರಗಳ ಕೆಳಗಿರುವ ಆಯ್ಕೆಯಲ್ಲಿ "ಕನಿಷ್ಠ ಒಂದು ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು" ಎಂಬುದನ್ನು ಆರಿಸಲು ಹೇಳಿದಳು. ಷರತ್ತು ಈಡೇರದಿದ್ದರೆ ಟಿಕೆಟ್ ಆಗುವುದಿಲ್ಲ, ಕಡಿತವಾದ ಹಣ ಖಾತೆಗೆ ಮರಳುತ್ತದೆ.

ಟಿಕೆಟ್ ಬಂತು: 33, 34, 36. ಅವಳು ಬರ್ತ್‌ಗಳ ಚಿತ್ರ ಹುಡುಕುವಷ್ಟರಲ್ಲಿ ನಾನು ಉತ್ತರ ಹೇಳಿಬಿಟ್ಟೆ. ಸ್ಲೀಪರ್ ಬೋಗಿಯಲ್ಲಿ ಎಂಟೆಂಟು ಬರ್ತ್‌ಗಳ ಗುಂಪು. ಸಂಖ್ಯೆಯನ್ನು 8ರಿಂದ ಭಾಗಿಸಿ ಶೇಷ ನೋಡಿ: 1 ಅಥವಾ 4 ಆದರೆ ಕೆಳಗಿನದು, 7 ಆದರೆ ಪಕ್ಕದ ಸಾಲಿನ ಕೆಳಗಿನದು, 2 ಮತ್ತು 5 ನಡುವಿನವು. 33 ಮತ್ತು 36 ನಮ್ಮಿಬ್ಬರಿಗೆ, 34 ಮೊಮ್ಮಗನಿಗೆ. ಅವಳು ಕಾಗದದ ಮೇಲೆ ಎರಡು ಲೆಕ್ಕ ಹಾಕಿ ನೋಡಿಯೇ ಒಪ್ಪಿದಳು.

ಇಷ್ಟಾದರೂ ಮೇಲಿನ ಬರ್ತ್ ಬಂದರೆ ರೈಲು ಹತ್ತಿದ ಮೇಲೆ ಟಿಟಿಇಯನ್ನು ಕೇಳಿ. ಕೆಳಗಿನದು ಖಾಲಿ ಉಳಿದಿದ್ದರೆ ಅದನ್ನು ಹಿರಿಯರಿಗೆ ಕೊಡುವ ಅಧಿಕಾರ ಅವರಿಗಿದೆ.